ಮೂಲೆಯನ್ನು ಎರಡು ಸಲ ಎಣಿಸದ ಹಾಗೆ: ಅಕ್ಕನ ಮನೆ ಪಾಯದ ಲೆಕ್ಕ

ಊರಲ್ಲಿ ಅಕ್ಕನಿಗೆ ಒಂದು ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ತುಮಕೂರಿನಿಂದ ಬಸ್ಸಲ್ಲಿ ಒಂದು ಗಂಟೆ ದಾರಿ. ಒಂದು ಹಾಲ್, ಒಂದು ರೂಮು, ಒಂದು ಅಡುಗೆಮನೆ, ಮುಂದೆ ಜಗಲಿ. ಬಚ್ಚಲುಮನೆ ಹಿತ್ತಲಲ್ಲಿ ಮೊದಲೇ ಇದೆ. ಓಣಿ ಕಿರಿದು, ಜೆಸಿಬಿ ಒಳಗೆ ಬರಲ್ಲ. ಹಾಗಾಗಿ ಪಾಯವನ್ನು ಆಳುಗಳೇ ತೋಡಬೇಕು, ಕೂಲಿ ಘನ ಅಡಿ ಲೆಕ್ಕದಲ್ಲಿ. ಪಾಯದ ಒಟ್ಟು ಉದ್ದ ಎಷ್ಟು ಅನ್ನುವ ಪ್ರಶ್ನೆ ಬಂದಿದ್ದು ಅಲ್ಲಿಂದಲೇ.

ಮೇಸ್ತ್ರಿ ಪ್ಲಾನ್ ನೋಡಿ ಮಣ್ಣಿನ ಕೆಲಸ 1235 ಘನ ಅಡಿ ಅಂತ ಬರೆದುಕೊಟ್ಟರು. ನಾನು ಹಿಂದಿನ ರಾತ್ರಿ ಹಾಕಿದ ಲೆಕ್ಕದಲ್ಲಿ 1019 ಬಂದಿತ್ತು. ವ್ಯತ್ಯಾಸ 216. ಇಷ್ಟು ಚಿಕ್ಕ ಮನೆಗೆ ಇದು ಜಾಸ್ತಿಯೇ ಅಲ್ವಾ? ಮೇಸ್ತ್ರಿ ಮೂವತ್ತು ವರ್ಷದಿಂದ ಗೋಡೆ ಎತ್ತುತ್ತಿರುವವರು, ಮೋಸ ಮಾಡುವ ಮನುಷ್ಯರಲ್ಲ. ಗುಣಾಕಾರದಲ್ಲೂ ತಪ್ಪಿರಲಿಲ್ಲ. ತಪ್ಪು ಇದ್ದಿದ್ದು ಉದ್ದ ಹಿಡಿಯುವ ರೀತಿಯಲ್ಲಿ.

ಪ್ಲಾನ್

ಮನೆ ನೆಟ್ಟಗಿನ ಆಯತ. ಎಡಕ್ಕೆ ಹಾಲ್, ಒಳಗಿನ ಅಳತೆ 12 ಅಡಿ ಅಗಲ, 19 ಅಡಿ 9 ಇಂಚು ಉದ್ದ. ಬಲಕ್ಕೆ ಎರಡು ಕೋಣೆ, ಒಂದರ ಹಿಂದೆ ಒಂದು. ರೂಮು 10 ಕ್ಕೆ 11 ಅಡಿ, ಅಡುಗೆಮನೆ 10 ಕ್ಕೆ 8 ಅಡಿ. ಎಲ್ಲ ಗೋಡೆಯೂ 9 ಇಂಚಿನ ಇಟ್ಟಿಗೆ ಗೋಡೆ, ಅಂದರೆ 0.75 ಅಡಿ. ಹಾಲ್ ಮತ್ತು ಕೋಣೆಗಳ ನಡುವೆ ಮುಂದಿನಿಂದ ಹಿಂದಿನವರೆಗೆ ಒಂದು ಉದ್ದ ಗೋಡೆ. ರೂಮಿಗೂ ಅಡುಗೆಮನೆಗೂ ನಡುವೆ ಒಂದು ಗಿಡ್ಡ ಗೋಡೆ.

ಲೆಕ್ಕ ಶುರು ಮಾಡುವ ಮುಂಚೆ ಪ್ಲಾನಿನ ಅಳತೆಗಳು ಒಂದಕ್ಕೊಂದು ಕೂಡುತ್ತವಾ ಅಂತ ನೋಡಿದೆ. ಅಡ್ಡಕ್ಕೆ ಕೋಣೆಗಳು 12 ಮತ್ತು 10, ಮೂರು ಗೋಡೆ ಸೇರಿ 2.25, ಒಟ್ಟು 24.25. ಪ್ಲಾನಿನ ಹೊರ ಅಳತೆಯೂ 24 ಅಡಿ 3 ಇಂಚು. ಉದ್ದಕ್ಕೆ 11, 8, ಮತ್ತೆ 2.25, ಒಟ್ಟು 21.25. ಅದೂ ಸರಿ. ಎಷ್ಟೋ ಪ್ಲಾನುಗಳಲ್ಲಿ ಒಂದು ಗೋಡೆಯ ದಪ್ಪ ಬಿಟ್ಟುಹೋಗಿರುತ್ತದೆ. ಇಲ್ಲಿ ಕೂಡದಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ಗೋಡೆಯ ನಟ್ಟನಡುವೆ ಒಂದು ಗೆರೆ ಎಳೆದೆ. ಇದೇ ಸೆಂಟರ್ ಲೈನ್. ಹೊರಗಿನ ಆಯತ ನಡುಗೆರೆಯಿಂದ ನಡುಗೆರೆಗೆ 23.5 ಕ್ಕೆ 20.5 ಅಡಿ. ಉದ್ದ ಗೋಡೆ 20.5. ಗಿಡ್ಡ ಗೋಡೆ 10.75. ಕೂಡಿದರೆ:

```
2 × (23.5 + 20.5) = 88.00
ಉದ್ದ ಗೋಡೆ        = 20.50
ಗಿಡ್ಡ ಗೋಡೆ        = 10.75
ಒಟ್ಟು             = 119.25 ಅಡಿ
```

ಬಾಗಿಲು ಇರುವ ಕಡೆ ಗೆರೆಯನ್ನು ಕತ್ತರಿಸಬಾರದು. ಬಾಗಿಲಿನ ಕೆಳಗೂ ಪಾಯ ಹಾದುಹೋಗುತ್ತದೆ. ಬಾಗಿಲು ಕಿಟಕಿ ಕಳೆಯುವುದು ಇಟ್ಟಿಗೆ ಗೋಡೆಯ ಲೆಕ್ಕದಲ್ಲಿ ಮಾತ್ರ.

ಸಿಮೆಂಟ್ ಚೀಲದ ಪಟ್ಟಿ

ಮೇಸ್ತ್ರಿಗೆ ಬರೀ ಅಂಕಿ ತೋರಿಸಿದರೆ ಪ್ರಯೋಜನ ಇಲ್ಲ ಅನ್ನಿಸಿತು. ಅವರು ಒಪ್ಪುವುದು ಕಣ್ಣಿಗೆ ಕಾಣುವ ಲೆಕ್ಕವನ್ನು. ಖಾಲಿ ಸಿಮೆಂಟ್ ಚೀಲದ ಕಾಗದದಲ್ಲಿ 3 ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿದೆ. ಪಾಯ ತೋಡುವ ಅಗಲ 3 ಅಡಿ, ಅಡಿಗೆ ಒಂದು ಇಂಚು. ಪಕ್ಕದ ಮನೆಯ ಜಗಲಿ ಮೇಲೆ ಬಳಪದಲ್ಲಿ ನಡುಗೆರೆ ಎಳೆದು ಪಟ್ಟಿ ಜೋಡಿಸಿದೆವು.

ಮೊದಲು ಅವರ ರೀತಿ. ಒಂದೊಂದು ಪಾಯವನ್ನೂ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡಿದಂತೆ ಅಳೆದಿದ್ದರು. ಹಾಗೆ ಪಟ್ಟಿ ಇಟ್ಟರೆ ಪ್ರತಿ ಮೂಲೆಯಲ್ಲೂ 3 ಕ್ಕೆ 3 ರ ಒಂದು ಚೌಕದಲ್ಲಿ ಎರಡು ಪಟ್ಟಿ ಒಂದರ ಮೇಲೊಂದು ಕೂರುತ್ತವೆ. ಒಳಗೋಡೆ ಬಂದು ಸೇರುವ ಜಾಗದಲ್ಲೂ ಅಷ್ಟೇ. ಮೂಲೆ ನಾಲ್ಕು, ಒಳಗೋಡೆ ಸೇರುವ ಜಾಗ ನಾಲ್ಕು, ಒಟ್ಟು ಎಂಟು ಚೌಕ. ಪಾಯ 3 ಅಡಿ ಆಳ. ಅಂದರೆ ಒಂದೊಂದು ಚೌಕಕ್ಕೆ 27 ಘನ ಅಡಿ. ಎಂಟಕ್ಕೆ 216. ನಮ್ಮಿಬ್ಬರ ಲೆಕ್ಕದ ವ್ಯತ್ಯಾಸ ಸರಿಯಾಗಿ ಅಷ್ಟೇ ಇತ್ತು. ಮೇಸ್ತ್ರಿ ಬೆರಳಲ್ಲಿ ಒಂದೊಂದೇ ಚೌಕ ಮುಟ್ಟಿ ಎಣಿಸಿದರು. "ಒಂದೇ ಗುಂಡಿನ ಎರಡು ಸಲ ತೋಡ್ದಂಗೆ ಆಯ್ತಲ್ಲಣ್ಣ" ಅಂದರು.

ಆಮೇಲೆ ಸೆಂಟರ್ ಲೈನ್ ರೀತಿ. ಮೂಲೆಗೆ ಬರುವ ಎರಡೂ ಪಟ್ಟಿಗಳನ್ನು ನಡುಗೆರೆಗಳು ಸೇರುವ ಬಿಂದುವಿಗೇ ಕತ್ತರಿಸಿ ಇಟ್ಟೆವು. ಈಗ ಮೂಲೆಯ ಒಳಬದಿಯಲ್ಲಿ ಒಂದೂವರೆ ಇಂಚಿನ ಒಂದು ಪುಟ್ಟ ಚೌಕದಲ್ಲಿ ಮಾತ್ರ ಪಟ್ಟಿಗಳು ಒಂದರ ಮೇಲೊಂದು. ಹೊರಬದಿಯಲ್ಲಿ ನೋಡಿದರೆ ಅಷ್ಟೇ ದೊಡ್ಡ ಜಾಗ ಖಾಲಿ. ಮೇಸ್ತ್ರಿ ಸುಮ್ನೆ ನೋಡುತ್ತಿದ್ದವರು ಬ್ಲೇಡ್ ಇಸಿದುಕೊಂಡು, ಒಳಗೆ ಜಾಸ್ತಿಯಾದ ತುಂಡನ್ನು ಕತ್ತರಿಸಿ ಹೊರಗಿನ ಖಾಲಿ ಜಾಗಕ್ಕೆ ಇಟ್ಟರು. ಅಚ್ಚು ಹಾಕಿದಂತೆ ಕೂತಿತು. ಒಳಗೆ ಎಷ್ಟು ಜಾಸ್ತಿ ಎಣಿಸಿದ್ದೆವೋ ಹೊರಗೆ ಅಷ್ಟೇ ಬಿಟ್ಟಿದ್ದೆವು. ಅದಕ್ಕೇ ಮೂಲೆಗೆ ಏನೂ ಕಳೆಯುವ ಹಾಗಿಲ್ಲ, ಕೂಡುವ ಹಾಗೂ ಇಲ್ಲ. ಎರಡು ಗೋಡೆಯ ಪಾಯದ ಅಗಲ ಬೇರೆ ಬೇರೆ ಇದ್ದರೂ ಇದು ನಿಜ. ಆಗ ಪುಟ್ಟ ಚೌಕದ ಬದಲು ಪುಟ್ಟ ಆಯತ ಬರುತ್ತದೆ, ಒಳಗಿನದೂ ಹೊರಗಿನದೂ ಒಂದೇ ಅಳತೆ.

ಒಳಗೋಡೆ ಬಂದು ಸೇರುವ ಜಾಗದ ಕತೆ ಬೇರೆ. ಅಲ್ಲಿ ಹೊರಗೋಡೆಯ ಪಟ್ಟಿ ಉದ್ದಕ್ಕೂ ಇಡಿಯಾಗಿ ಹಾದುಹೋಗಿದೆ. ಒಳಗೋಡೆಯ ಪಟ್ಟಿಯನ್ನು ನಡುಗೆರೆವರೆಗೆ ತಂದರೆ ಅದರ ಕೊನೆಯ ಒಂದೂವರೆ ಇಂಚು ಹೊರಗೋಡೆಯ ಪಟ್ಟಿ ಮೇಲೆ ಹತ್ತುತ್ತದೆ. ಮೇಸ್ತ್ರಿ ಆ ತುಂಡನ್ನೂ ಕತ್ತರಿಸಿ ಕೈಯಲ್ಲಿ ಹಿಡಿದು ಎಲ್ಲಿಡಲಿ ಅಂತ ನೋಡಿದರು. ಇಡಲು ಎಲ್ಲೂ ಖಾಲಿ ಇಲ್ಲ. ಅದು ಪೂರ್ತಿ ಹೆಚ್ಚುವರಿ, ತೆಗೆಯಲೇಬೇಕು. ಇಂಥ ಟಿ ಆಕಾರದಲ್ಲಿ ಗೋಡೆ ಸೇರುವ ಒಂದೊಂದು ಜಾಗಕ್ಕೂ ಅರ್ಧ ಅಗಲ ಕಳೆಯಬೇಕು ಅನ್ನುವ ನಿಯಮ ಇದೇ.

ಎರಡು ಗೋಡೆಗಳು ಒಂದನ್ನೊಂದು ದಾಟಿ ಕೂಡುವ ಗುರುತಿನಂತೆ ಹೋದರೆ ಆ ಜಾಗವನ್ನು ಎರಡು ಟಿ ಅಂತ ಎಣಿಸಿದರಾಯಿತು. ನಾನು ನೆನಪಿಟ್ಟುಕೊಳ್ಳುವುದು ಹೀಗೆ: ಗೋಡೆಗಳು ಸೇರುವ ಜಾಗಕ್ಕೆ ಎಷ್ಟು ಕಡೆಯಿಂದ ಗೋಡೆ ಬಂದಿದೆ ಎಣಿಸು, ಅದರಲ್ಲಿ ಎರಡು ಕಳೆ, ಉಳಿದಷ್ಟು ಅರ್ಧ ಅಗಲ ತೆಗೆ. ಮೂಲೆಗೆ ಎರಡು ಕಡೆಯಿಂದ, ತೆಗೆಯುವುದು ಸೊನ್ನೆ. ಟಿ ಗೆ ಮೂರು, ತೆಗೆಯುವುದು ಒಂದು. ದಾಟುವ ಜಾಗಕ್ಕೆ ನಾಲ್ಕು, ತೆಗೆಯುವುದು ಎರಡು.

ಪದರ ಪದರಕ್ಕೆ ಬೇರೆ ಕಳೆತ

ನಮ್ಮ ಮನೆಗೆ ಟಿ ನಾಲ್ಕು. ಉದ್ದ ಗೋಡೆಯ ಎರಡು ತುದಿ, ಗಿಡ್ಡ ಗೋಡೆಯ ಎರಡು ತುದಿ. 119.25 ಅನ್ನುವ ಅಂಕಿ ಪಾಯದ ತಳದಿಂದ ಗೋಡೆಯ ತಲೆವರೆಗೂ ಒಂದೇ. ಬದಲಾಗುವುದು ಅಗಲ, ಅದರ ಜೊತೆಗೆ ಕಳೆಯುವ ಮೊತ್ತ.

ತೋಡುವ ಅಗಲ 3 ಅಡಿ, ಅರ್ಧ 1.5, ನಾಲ್ಕು ಟಿ ಗೆ 6 ಅಡಿ. ಉಳಿದದ್ದು 113.25. ಅಗಲ 3, ಆಳ 3 ರಿಂದ ಗುಣಿಸಿದರೆ 1019.25 ಘನ ಅಡಿ. ತಳದ ಬೆಡ್ ಕಾಂಕ್ರೀಟಿಗೂ ಅದೇ ಉದ್ದ ಅದೇ ಅಗಲ, ದಪ್ಪ ಅರ್ಧ ಅಡಿ. ಅದು 170 ಘನ ಅಡಿ ಹತ್ತಿರ.

ಅದರ ಮೇಲೆ ಸೈಜುಗಲ್ಲಿನ ಕಟ್ಟಡ. ಮೊದಲ ಮೆಟ್ಟಿಲು 2 ಅಡಿ 3 ಇಂಚು ಅಗಲ, ಒಂದೂಕಾಲು ಅಡಿ ಎತ್ತರ. ಇಲ್ಲಿ ಅರ್ಧ ಅಗಲ 1.125, ನಾಲ್ಕಕ್ಕೆ 4.5. ಉದ್ದ 114.75 ಆಯಿತು, ಕಲ್ಲಿನ ಕೆಲಸ ಸುಮಾರು 323 ಘನ ಅಡಿ. ಎರಡನೇ ಮೆಟ್ಟಿಲು ಒಂದೂವರೆ ಅಡಿ ಅಗಲ, ನೆಲದೊಳಗೆ ಒಂದೂಕಾಲು, ನೆಲದ ಮೇಲೆ ಪ್ಲಿಂತಿಗೆ ಒಂದೂವರೆ, ಒಟ್ಟು ಎತ್ತರ 2.75. ಕಳೆಯುವುದು 3 ಅಡಿ, ಉದ್ದ 116.25, ಕೆಲಸ ಸುಮಾರು 480 ಘನ ಅಡಿ.

ಕೊನೆಗೆ ಇಟ್ಟಿಗೆ ಗೋಡೆ. ನಾನು ತಪ್ಪಿದ್ದು ಇಲ್ಲಿ. ಅವಸರದಲ್ಲಿ ಮಣ್ಣಿನ ಕೆಲಸದ 113.25 ನ್ನೇ ಎತ್ತಿಕೊಂಡು ಗೋಡೆಗೂ ಹಾಕಿಬಿಟ್ಟಿದ್ದೆ. ಗೋಡೆಯ ಅಗಲ 0.75, ಅರ್ಧ 0.375, ನಾಲ್ಕು ಟಿ ಗೆ ಕಳೆಯಬೇಕಾಗಿದ್ದು ಬರೀ 1.5 ಅಡಿ. ಸರಿಯಾದ ಉದ್ದ 117.75. ನಾಲ್ಕೂವರೆ ಅಡಿ ಗೋಡೆಯೇ ನನ್ನ ಲೆಕ್ಕದಲ್ಲಿ ಇರಲಿಲ್ಲ. 10 ಅಡಿ ಎತ್ತರಕ್ಕೆ ಅದು 33.75 ಘನ ಅಡಿ. ಗಾರೆ ಸೇರಿ 9, 4.5, 3 ಇಂಚು ಕೂರುವ ಇಟ್ಟಿಗೆಗೆ ಲೆಕ್ಕ ಹಾಕಿದರೆ 480 ಇಟ್ಟಿಗೆ ಕಮ್ಮಿ ಬರುತ್ತಿತ್ತು. ಮೂಲೆ ಎರಡು ಸಲ ಎಣಿಸಿದರೆ ಬಿಲ್ ಜಾಸ್ತಿಯಾಗುತ್ತದೆ. ಕಳೆತ ಜಾಸ್ತಿ ಮಾಡಿದರೆ ಗೋಡೆ ಮುಗಿಯುವ ಮೊದಲೇ ಇಟ್ಟಿಗೆ ಮುಗಿಯುತ್ತದೆ.

ಈ ತಪ್ಪು ಸಿಕ್ಕಿದ್ದು ಹಳೆಯ ರೀತಿಯಲ್ಲಿ ತಾಳೆ ನೋಡಿದಾಗ. ಒಂದು ದಿಕ್ಕಿನ ಗೋಡೆಗಳನ್ನು ಹೊರಗಿನಿಂದ ಹೊರಗೆ, ಅವುಗಳ ನಡುವೆ ಬರುವ ಗೋಡೆಗಳನ್ನು ಒಳಗಿನಿಂದ ಒಳಗೆ ಅಳೆಯುವ ರೀತಿ ಅದು. ಇಟ್ಟಿಗೆ ಗೋಡೆಗೆ ಮುಂದಿನ ಹಿಂದಿನ ಎರಡು ಗೋಡೆ 24.25 ರಂತೆ 48.5. ಅವುಗಳ ನಡುವಿನ ಮೂರು ಗೋಡೆ 19.75 ರಂತೆ 59.25. ಗಿಡ್ಡದು 10. ಒಟ್ಟು 117.75. ನನ್ನ ಹಾಳೆಯಲ್ಲಿ 113.25 ಇತ್ತು. ಕೂಡಲಿಲ್ಲ, ಹಿಂದೆ ಹೋಗಿ ನೋಡಿದೆ. ಆ ಹಳೆಯ ರೀತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅಗಲ ಬದಲಾದಾಗಲೆಲ್ಲ ಎಲ್ಲ ಉದ್ದಗಳನ್ನೂ ಹೊಸದಾಗಿ ಬರೆಯಬೇಕು. ಸೆಂಟರ್ ಲೈನಿನಲ್ಲಿ ಕಳೆಯುವ ಒಂದು ಅಂಕಿ ಬದಲಾದರೆ ಸಾಕು. ಅದನ್ನು ಬದಲಾಯಿಸಲು ಮರೆಯಬಾರದು ಅಷ್ಟೇ.

ಮಾರ್ಕಿಂಗ್ ದಿನ

ಬೆಳಗ್ಗೆ ಪೂಜೆ ಮುಗಿಸಿ ದಾರ ಕಟ್ಟಿದೆವು. ಮೇಸ್ತ್ರಿಯೂ ನೆಲದ ಮೇಲೆ ಮೊದಲು ಕಟ್ಟುವುದು ಸೆಂಟರ್ ಲೈನನ್ನೇ. ಗೂಟಗಳನ್ನು ಪಾಯದಿಂದ ದೂರ ಹೊಡೆದು, ತಲೆಯ ಮೇಲೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ದಾರ. ಗೂಟ ಹತ್ತಿರ ಇದ್ದರೆ ತೋಡುವಾಗ ಕಿತ್ತುಹೋಗುತ್ತದೆ, ಕಲ್ಲು ಇಡುವಾಗ ಮತ್ತೆ ದಾರ ಕಟ್ಟಲು ಗುರುತೇ ಇರಲ್ಲ. ಮೂಲೆಗೆ 3-4-5 ಅಳತೆ ಹಾಕಿದರು. ಆಮೇಲೆ ಎರಡೂ ಕರ್ಣಗಳನ್ನು ಟೇಪಿನಲ್ಲಿ ಹಿಡಿದೆವು. 23.5 ಕ್ಕೆ 20.5 ರ ಆಯತಕ್ಕೆ ಕರ್ಣ 31 ಅಡಿ 2 ಇಂಚು ಮೇಲೆ ಸ್ವಲ್ಪ ಬರಬೇಕು. ಒಂದು ಸರಿಯಾಗಿ ಬಂತು, ಇನ್ನೊಂದು ಒಂದು ಇಂಚು ಜಾಸ್ತಿ. ಹಿಂದಿನ ದಾರವನ್ನು ಸ್ವಲ್ಪ ಸರಿಸಿದ ಮೇಲೆ ಎರಡೂ ಸಮವಾದವು. ಆಮೇಲೆ ದಾರದಿಂದ ಎರಡೂ ಕಡೆ ಒಂದೂವರೆ ಅಡಿ ಅಳೆದು ಸುಣ್ಣದ ಪುಡಿ ಉದುರಿಸಿದರು.

ಜಗಲಿಯ ಪಾಯದಲ್ಲಿ ಇನ್ನೊಂದು ಪ್ರಶ್ನೆ ಬಂತು. ಜಗಲಿಗೆ ಭಾರ ಕಮ್ಮಿ ಅಂತ 2 ಅಡಿ ಅಗಲ, 2 ಅಡಿ ಆಳ ಸಾಕು ಅಂದಿದ್ದೆವು. ಅದು ಹಾಲಿನ ಮುಂದೆ, ಮನೆಯ ಮೂಲೆಗಳಿಂದ ಒಳಗೆ ಸರಿದು ನಿಲ್ಲುತ್ತದೆ. ಎರಡು ಕೈ 5 ಅಡಿ, ಮುಂದಿನದು 8 ಅಡಿ, ನಡುಗೆರೆ ಲೆಕ್ಕದಲ್ಲಿ ಒಟ್ಟು 18. ಜಗಲಿಯ ಎರಡು ಮೂಲೆಗೆ ಏನೂ ಇಲ್ಲ. ಆದರೆ ಎರಡು ಕೈಗಳು ಮನೆಯ ಮುಂಗೋಡೆಗೆ ಬಂದು ಸೇರುತ್ತವೆ, ಅಂದರೆ ಎರಡು ಟಿ. ಕಳೆಯಬೇಕಾಗಿದ್ದು ಯಾರ ಅರ್ಧ ಅಗಲ? ಜಗಲಿಯದಾದರೆ 1 ಅಡಿ, ಮನೆಯದಾದರೆ 1.5 ಅಡಿ.

ಸುಣ್ಣದ ಗೆರೆ ನೋಡಿದರೇ ಉತ್ತರ ಇತ್ತು. ಜಗಲಿಯ ಕೈ ನಿಲ್ಲುವುದು ಮನೆಯ ಪಾಯದ ಅಂಚಿಗೆ. ಮನೆಯ ಪಾಯದ ಅಂಚು ಅದರ ನಡುಗೆರೆಯಿಂದ ಒಂದೂವರೆ ಅಡಿ. ಹಾಗಾಗಿ ಯಾವ ಗೋಡೆಗೆ ಹೋಗಿ ಮುಟ್ಟುತ್ತದೋ ಆ ಗೋಡೆಯ ಅರ್ಧ ಅಗಲ ಕಳೆಯಬೇಕು, ಬಂದು ಸೇರುವ ಗೋಡೆಯದಲ್ಲ. ಎರಡಕ್ಕೆ 3 ಅಡಿ ಹೋಗಿ ಉಳಿದದ್ದು 15. ಅಗಲ 2, ಆಳ 2, ಒಟ್ಟು 60 ಘನ ಅಡಿ. ಎಲ್ಲ ಗೋಡೆಯ ಅಗಲ ಒಂದೇ ಇದ್ದಾಗ ಈ ವ್ಯತ್ಯಾಸ ಗೊತ್ತೇ ಆಗಲ್ಲ. ಅಗಲ ಬೇರೆ ಆದ ಕೂಡಲೇ, ಬೇರೆ ಅಗಲದ ಗೋಡೆಗಳನ್ನು ಬೇರೆ ಗುಂಪು ಮಾಡಿ ಬರೆದುಕೊಳ್ಳಬೇಕು. ನಾಲ್ಕೂವರೆ ಇಂಚಿನ ಅಡ್ಡಗೋಡೆ ಇದ್ದರೂ ಅಷ್ಟೇ. ಅದಕ್ಕೆ ಎಷ್ಟೋ ಸಲ ಸೈಜುಗಲ್ಲಿನ ಪಾಯವೇ ಇರಲ್ಲ. ಅದನ್ನು ಒಟ್ಟು ಉದ್ದಕ್ಕೆ ಸೇರಿಸಿದರೆ ಇಲ್ಲದ ಪಾಯಕ್ಕೆ ದುಡ್ಡು ಕೊಟ್ಟ ಹಾಗೆ.

ಪಕ್ಕದ ಸೈಟಿನವರು ಅಲ್ಲೇ ನಿಂತು ನೋಡುತ್ತಿದ್ದರು. ಅವರ ಮನೆಯ ಒಂದು ಗೋಡೆ ಗಡಿಗೇ ಅಂಟಿಕೊಂಡಿದೆ. ಹಾಗಿದ್ದಾಗ ಪಾಯವನ್ನು ಆಚೆಗೆ ಚಾಚುವಂತಿಲ್ಲ, ಪೂರ್ತಿ ಒಳಬದಿಗೇ ತೋಡಬೇಕು. ಆಗ ಪಾಯದ ನಡುಗೆರೆಯೂ ಗೋಡೆಯ ನಡುಗೆರೆಯೂ ಒಂದೇ ಅಲ್ಲ. ನಮ್ಮ ಅಳತೆಯನ್ನೇ ಇಟ್ಟುಕೊಂಡು ಹೇಳಿದರೆ, 3 ಅಡಿ ಪಾಯದ ಹೊರ ಅಂಚೂ 0.75 ಅಡಿ ಗೋಡೆಯ ಹೊರ ಅಂಚೂ ಒಂದೇ ಕಡೆ ಇದ್ದರೆ ನಡುಗೆರೆ 1.125 ಅಡಿ ಒಳಗೆ ಸರಿಯುತ್ತದೆ. ಅಡ್ಡ ಅಳತೆ 23.5 ಹೋಗಿ 22.375 ಆಗುತ್ತದೆ. ಮುಂದೆ ಹಿಂದೆ ಎರಡು ಗೋಡೆ ಸೇರಿ 2.25 ಅಡಿ ಕಮ್ಮಿ. ಮೇಲಿನ ಪದರಕ್ಕೆ ಹೋದಂತೆ ಸರಿತ ಕಮ್ಮಿಯಾಗುತ್ತದೆ. ಅಂಥ ಮನೆಗೆ ಒಂದೇ ಉದ್ದವನ್ನು ಎಲ್ಲ ಪದರಕ್ಕೂ ಬಳಸಬಾರದು, ಪದರಕ್ಕೊಂದು ನಡುಗೆರೆ ಎಳೆಯಬೇಕು. ನಮ್ಮ ಸೈಟಿನಲ್ಲಿ ನಾಲ್ಕೂ ಕಡೆ ಜಾಗ ಬಿಟ್ಟಿದ್ದರಿಂದ ಈ ತೊಂದರೆ ಇರಲಿಲ್ಲ.

ತೋಡಿದ ಮೇಲೆ

ಆರು ದಿನ ಹಿಡಿಯಿತು. ಏಳನೇ ದಿನ ಬೆಳಗ್ಗೆ ಕೂಲಿ ಲೆಕ್ಕ ಮಾಡಬೇಕು. ಮೇಸ್ತ್ರಿ ಪಟ್ಟಿ ತುಂಡು ಮಾಡಿದ್ದನ್ನು ಒಪ್ಪಿದ್ದರು. ಆದರೂ ಆಳುಗಳ ಮುಂದೆ ನೆಲದ ಮೇಲೆ ಅಳೆದು ತೋರಿಸೋಣ ಅಂದರು. ಪ್ಲಾನಿನ ಲೆಕ್ಕ ಒಂದು, ಗುಂಡಿಯ ಲೆಕ್ಕ ಇನ್ನೊಂದು ಅನ್ನುವ ಅನುಮಾನ ಯಾರಿಗೂ ಉಳಿಯಬಾರದು.

ನಡುಗೆರೆಯನ್ನು ಬಿಟ್ಟೇ ಅಳೆಯುವ ಒಂದು ದಾರಿ ಇದೆ. ಪಾಯ ತೋಡಿದ ಮೇಲೆ ಕೋಣೆಗಳ ಜಾಗದಲ್ಲಿ ತೋಡದೆ ಉಳಿದ ಮೂರು ಮಣ್ಣಿನ ದಿಬ್ಬಗಳು ಕಾಣುತ್ತವೆ, ಸುತ್ತ ಗುಂಡಿ, ನಡುವೆ ದ್ವೀಪದಂತೆ. ಹೊರ ಅಂಚಿನ ದೊಡ್ಡ ಆಯತದಿಂದ ಆ ಮೂರು ದಿಬ್ಬ ಕಳೆದರೆ ತೋಡಿದ ಜಾಗ ಸಿಗುತ್ತದೆ. ಮೂಲೆಯ ತಕರಾರೇ ಬರಲ್ಲ. ಹುಡುಗನೊಬ್ಬ ಟೇಪಿನ ತುದಿ ಹಿಡಿದ, ನಾನು ಬರೆದುಕೊಂಡೆ. ಜಗಲಿಯನ್ನು ಬಿಟ್ಟು ಮನೆಯದಷ್ಟೇ:

```
ಹೊರ ಆಯತ   26.5 × 23.5  = 622.75
ಹಾಲ್ ದಿಬ್ಬ     9.75 × 17.5  = 170.63
ರೂಮು ದಿಬ್ಬ    7.75 × 8.75  =  67.81
ಅಡುಗೆಮನೆ    7.75 × 5.75  =  44.56
ತೋಡಿದ ಜಾಗ               = 339.75 ಚದರ ಅಡಿ
3 ಅಡಿ ಆಳಕ್ಕೆ               = 1019.25 ಘನ ಅಡಿ
```

ದಿಬ್ಬಗಳ ಅಂಚು ಅಲ್ಲಲ್ಲಿ ಒಂದು ಇಂಚು ಆಚೀಚೆ ಇತ್ತು, ಬರೆದಿರುವುದು ಸುಣ್ಣದ ಗೆರೆಯ ಅಳತೆ. ಅಡುಗೆಮನೆ ಮೂಲೆಯಲ್ಲಿ ಮಾತ್ರ ಮಣ್ಣು ಸಡಿಲವಿದ್ದು ಒಂದು ಬದಿ ಕುಸಿದಿತ್ತು. ಅಲ್ಲಿ ಗುಂಡಿ ಅಗಲ ಆಗಿದ್ದು ಆಳುಗಳ ತಪ್ಪಲ್ಲ, ಆ ಮಣ್ಣನ್ನು ಎತ್ತಿ ಹಾಕಿದ್ದೂ ಅವರೇ. ಅದನ್ನು ಮೂಲ ಲೆಕ್ಕಕ್ಕೆ ಬೆರೆಸದೆ 4 ಅಡಿ ಉದ್ದ, ಅರ್ಧ ಅಡಿ ಅಗಲ, 3 ಅಡಿ ಆಳ ಅಂತ ಬೇರೆ ಸಾಲಾಗಿ 6 ಘನ ಅಡಿ ಬರೆದೆವು. ಜಗಲಿಯ 60 ಸೇರಿ ಕೂಲಿ ಕೊಟ್ಟಿದ್ದು 1085.25 ಕ್ಕೆ.

ಸಂಜೆ ಮೇಸ್ತ್ರಿ ನನ್ನ ಪ್ಲಾನ್ ಹಾಳೆ ಇಸಿದುಕೊಂಡು, ಒಳಗೋಡೆ ಸೇರುವ ನಾಲ್ಕು ಜಾಗಕ್ಕೂ ಜಗಲಿಯ ಎರಡಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು. ಮೂಲೆಗಳನ್ನು ಹಾಗೇ ಬಿಟ್ಟರು. ಹಾಳೆಯ ಅಂಚಿನಲ್ಲಿ 119.25 ಅಂತ ಬರೆದು, ಅದರ ಕೆಳಗೆ ಒಂದೊಂದು ಪದರಕ್ಕೂ ಕಳೆಯಬೇಕಾದ 6, 4.5, 3, 1.5 ಬರೆದು ಮಡಚಿ ಜೇಬಿಗೆ ಹಾಕಿಕೊಂಡರು. ನಾಳೆ ಕಲ್ಲಿನ ಲೋಡು ಬರುತ್ತದೆ, ಮೊದಲ ಮೆಟ್ಟಿಲಿಗೆ 323, ಎರಡನೆಯದಕ್ಕೆ 480 ಅಂತ ಹೇಳಿ ಕಳಿಸಿದ್ದೇವೆ.